ಊಟಕ್ಕೆ ಮುಂಚೆ, ದಿನಕ್ಕೆರಡು ಸಲ

ಡಾಕ್ಟರ ಚೀಟಿಯಲ್ಲಿ ಗುಳಿಗೆಯ ಹೆಸರಿನ ಮುಂದೆ ಬರುವ ಪುಟ್ಟ ಅಕ್ಷರಗಳನ್ನು ನಾನು ಡಿಪ್ಲೊಮಾ ಓದುವಾಗ ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಿ ಮುಗಿಸಿದ್ದೆ. ಬಿ.ಡಿ. ಅಂದರೆ ದಿನಕ್ಕೆರಡು ಸಲ, ಟಿ.ಡಿ.ಎಸ್. ಅಂದರೆ ಮೂರು ಸಲ, ಎ.ಸಿ. ಊಟಕ್ಕೆ ಮುಂಚೆ, ಪಿ.ಸಿ. ಊಟವಾದ ಮೇಲೆ, ಎಚ್.ಎಸ್. ಮಲಗುವ ಹೊತ್ತಿಗೆ. ಎಲ್ಲ ಲ್ಯಾಟಿನ್ನಿನ ತುಂಡುಗಳು. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂದಿತ್ತು. ಮದುವೆಯಾಗಿ ಕುಮಟೆಯಿಂದ ಹೊನ್ನಾವರಕ್ಕೆ ಬಂದು, ಗಂಡನ ಔಷಧ ಅಂಗಡಿಯ ಕೌಂಟರಿನ ಹಿಂದೆ ನಿಂತ ಮೇಲೆ ತಿಳಿಯಿತು, ಆ ಅಕ್ಷರಗಳ ಅರ್ಥ ಹೇಳುವುದು ಏನೂ ದೊಡ್ಡದಲ್ಲ, ಎದುರಿಗೆ ನಿಂತ ಮುದುಕರ ಮನೆಯಲ್ಲಿ ಊಟ ಯಾವಾಗ, ನಿದ್ದೆ ಯಾವಾಗ ಅಂತ ಕೇಳಿ ತಿಳಿಯುವುದೇ ತಲೆನೋವು ಎಂದು.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಮ್ಮಲ್ಲಿಗೆ ಬರುವ ಮುದುಕರಲ್ಲಿ ಅರ್ಧಕ್ಕರ್ಧ ಜನರಿಗೆ ಓದು ಬರುತ್ತಿರಲಿಲ್ಲ. ಗಡಿಯಾರ ಇದ್ದವರ ಮನೆಯಲ್ಲೂ ಅದು ನಡೆಯುತ್ತಿರಲಿಲ್ಲ. ಕರ್ಕಿಯ ಕಡೆಯ ಹಳೆಯ ಯಕ್ಷಗಾನ ವೇಷಧಾರಿಯೊಬ್ಬರಿಗೆ ಡಾಕ್ಟರು ಮಲಗುವ ಹೊತ್ತಿನ ಗುಳಿಗೆ ಬರೆದಿದ್ದರು. ಆಟದ ದಿನಗಳಲ್ಲಿ ಅವರು ಮಲಗುವುದೇ ಬೆಳಗಾದ ಮೇಲೆ. ನಾನು ರಾತ್ರಿ ಅಂದಿದ್ದರೆ ಪುಣ್ಯಾತ್ಮರು ರಂಗದ ಮೇಲೇ ಗೊರಕೆ ಹೊಡೆಯುತ್ತಿದ್ದರು. ಭಟ್ಕಳದಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ರಂಜಾನಿನಲ್ಲಿ, ಮೂರು ಸಲ ಅಂತ ಬರೆದಿದ್ದಾರಲ್ಲ, ನಡುವಿನದನ್ನು ಏನು ಮಾಡಲಿ ಎಂದು ಕೇಳಿದಾಗ ಅವರನ್ನು ಕರೆದುಕೊಂಡು ಡಾಕ್ಟರ ಬಳಿಗೇ ಹೋಗಿ ಬರೆದದ್ದನ್ನು ಬದಲಾಯಿಸಿಕೊಂಡು ಬಂದಿದ್ದೆ. ಊಟಕ್ಕೆ ಮುಂಚೆ ಅನ್ನಲು "ಖಾನೆ ಸೆ ಪೆಹಲೆ", ಮಲಗುವಾಗ ಅನ್ನಲು "ಸೋತೆ ವಕ್ತ್" ಎಂಬ ಎರಡು ಮಾತು ಕಲಿತು ನನ್ನನ್ನು ನಾನೇ ಪಂಡಿತೆ ಅಂದುಕೊಂಡಿದ್ದ ಕಾಲ ಅದು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆದರೂ ಮುದುಕರ ಹತ್ತಿರ ಮಾತ್ರ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವ ತಾಳ್ಮೆ ಎಲ್ಲಿಂದಲೋ ಬರುತ್ತಿತ್ತು.

ಆ ಅಮ್ಮ ಮೊದಲ ಸಲ ಬಂದದ್ದು ಮಳೆಗಾಲ ಮುಗಿದು ದೋಣಿಗಳೆಲ್ಲ ಮತ್ತೆ ಕಡಲಿಗೆ ಇಳಿದ ಮೇಲೆ. ಬಂದರದ ಕೇರಿಯ ಮೀನುಗಾರರ ಮನೆಯವಳು. ಎಪ್ಪತ್ತು ದಾಟಿರಬೇಕು, ಆದರೆ ಬೆನ್ನು ನೆಟ್ಟಗಿತ್ತು. ಕಾಲಿನ ಹುಣ್ಣು ಮಾಯುತ್ತಿಲ್ಲ ಅಂತ ಹೋದರೆ, ಡಾಕ್ಟರು ಮೂತ್ರವನ್ನು ನೀಲಿ ಮದ್ದಿನ ಜೊತೆ ಕಾಯಿಸಿ ನೋಡಿದಾಗ ಇಟ್ಟಿಗೆ ಬಣ್ಣಕ್ಕೆ ತಿರುಗಿತಂತೆ, ಸಕ್ಕರೆ ಕಾಯಿಲೆ ಅಂದರಂತೆ. ಚೀಟಿಯಲ್ಲಿ ಒಂದೇ ಗುಳಿಗೆ, ಅದರ ಮುಂದೆ ಬಿ.ಡಿ., ಎ.ಸಿ.

"ಅಮ್ಮ, ಇದು ಬೆಳಿಗ್ಗೆ ಒಂದು, ಸಂಜೆ ಒಂದು. ಊಟಕ್ಕೆ ಮುಂಚೆ ನುಂಗಬೇಕು" ಅಂದೆ.

"ಯಾರ ಊಟಕ್ಕೆ ಮುಂಚೆ ತಂಗಿ?"

ಇಂಥ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. "ಕಾಯಿಲೆ ಯಾರಿಗೆ? ನಿಮ್ಮ ಊಟಕ್ಕೆ ಮುಂಚೆ" ಅಂದೆ.

"ಬೆಳಿಗ್ಗೆ ಸೊಸೆ ಬಂದರಕ್ಕೆ ಹೋತಾಳೆ, ಗಂಜಿ ನಾ ಒಬ್ಳೇ ಉಣ್ಣುದು, ಅದಕ್ಕೆಂತ ತೊಂದ್ರೆ ಇಲ್ಲ. ಸಂಜೆ ನಮ್ಮನೆಯವ್ರು ಉಂಡ ಮೇಲೇ ನಾ ಉಣ್ಣುದು. ಅವ್ರ ತಾಟಲ್ಲೇ."

ಗಂಡ ಉಂಡ ತಟ್ಟೆಯಲ್ಲಿ ಉಣ್ಣುವ ಹೆಂಗಸರು ನಮ್ಮ ಕಡೆ ಆಗ ಬೇಕಾದಷ್ಟು ಇದ್ದರು. ನನ್ನ ಅತ್ತೆಯೂ ಹಾಗೆಯೇ. ಹಾಗಾಗಿ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವರ ಮನೆಯಲ್ಲಿ ಸಂಜೆಯ ಊಟ ಬೇಗ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಅಂತ ಕೇಳಿ ತಿಳಿದುಕೊಂಡು, ಮಸೀದಿಯ ಸಂಜೆಯ ಬಾಂಗು ಕೇಳಿದಾಗ ಗುಳಿಗೆ ನುಂಗಿ, ಅರ್ಧ ಗಂಟೆಯೊಳಗೆ ಉಂಡು ಬಿಡಿ ಅಂದೆ. ನುಂಗಿದ ಮೇಲೆ ಉಪವಾಸ ಕೂರಬಾರದು ಅಂತಲೂ ಹೇಳಿದೆ. ಎರಡು ಸಲ ಹೇಳಿಸಿ ಕೇಳಿದೆ. ಅವಳು ಒಪ್ಪಿಸಿದಳು. "ಆತು ತಂಗಿ, ಅವ್ರು ಬಂದ ಕೂಡ್ಲೇ ಉಣ್ತೆ" ಅಂತ ಹೇಳಿ, ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು.

ಮುಂದಿನ ಸಲ ಗುಳಿಗೆಗೆ ಬಂದಾಗ ಅವಳ ಮುಖವೇ ಬೇರೆಯಾಗಿತ್ತು. ಮುಡಿಗೆ ಅಬ್ಬಲಿಗೆ ಹೂ. ಆ ವಯಸ್ಸಿನಲ್ಲಿ ಅಷ್ಟು ಚೆಂದ ನಗುವವರನ್ನು ನಾನು ಕಂಡಿರಲಿಲ್ಲ. ಕೌಂಟರಿಗೆ ಒರಗಿ, ಅಕ್ಕಪಕ್ಕ ಯಾರೂ ಇಲ್ಲ ಅಂತ ನೋಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು: "ಈ ಗುಳಿಗೆ ಭಾರೀ ಒಳ್ಳೇದು ತಂಗಿ. ಇದು ತಕಂಡ ಮೇಲೆ ಅವ್ರು ಸಂಜೆ ಊಟಕ್ಕೆ ಬತ್ರು."

ಯಜಮಾನರು ಶರಾಬಿನಂಗಡಿಯ ಗಿರಾಕಿ ಇರಬೇಕು ಅಂತ ನಾನು ಲೆಕ್ಕ ಹಾಕಿದೆ. "ಓಹೋ, ನಿಮ್ಮ ಕಾಯಿಲೆ ಕೇಳಿ ಹೆದರಿ ಮನೆ ಸೇರಿದ್ರಾ? ಹಾಗಾದರೆ ನಮ್ಮ ಮನೆಯವರಿಗೋಸ್ಕರ ನಾನೂ ಒಂದು ಗುಳಿಗೆ ನುಂಗಿ ನೋಡ್ತೇನೆ" ಅಂತ ಚೇಷ್ಟೆ ಮಾಡಿದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

"ದಿನಾ ಅಲ್ಲ. ಆದ್ರೆ ಬರೂಕೆ ಮುಂಚೆ ನಂಗೆ ಗೊತ್ತಾತದೆ. ಕೈ ನಡುಗೂಕೆ ಸುರು ಆತದೆ. ಎದೆ ಡಬಡಬ ಅಂತದೆ. ಮದ್ವೆಯಾದ ಹೊಸತ್ರಲ್ಲಿ ಆಗ್ತಿತ್ತಲ್ಲ, ಹಾಂಗೆ. ಆಮೇಲೆ ಮೈಯೆಲ್ಲಾ ನೀರು. ಕಣ್ಣು ಒಂದ್ನಮೂನಿ ಮಂಜು ಆತದೆ. ತಲೆ ಎತ್ತಿ ನೋಡಿದ್ರೆ ಹೊಸ್ಲಲ್ಲಿ ನಿಂತಿರ್ತ್ರು."

ನಾನು ನಗುವುದನ್ನು ನಿಲ್ಲಿಸಿದೆ. ಗುಳಿಗೆಯ ಪಟ್ಟಿ ಕತ್ತರಿಸುತ್ತಿದ್ದ ಕತ್ತರಿ ಅಲ್ಲೇ ನಿಂತಿತು. ಕೈ ನಡುಕ, ಎದೆ ಬಡಿತ, ಬೆವರು, ಕಣ್ಣು ಮಂಜು. ಇದು ರಕ್ತದಲ್ಲಿ ಸಕ್ಕರೆ ತೀರಾ ಇಳಿದಾಗ ಆಗುವುದು. ನಾನು ಓದಿದ್ದ ಪುಸ್ತಕದಲ್ಲಿ ಸಾಲಾಗಿ ಇದೇ ಕ್ರಮದಲ್ಲಿತ್ತು. ಹೊಸ್ತಿಲಲ್ಲಿ ನಿಂತಿರುವವರ ವಿಷಯ ಒಂದನ್ನು ಬಿಟ್ಟು.

"ಅಮ್ಮ, ಗುಳಿಗೆ ನುಂಗಿ ಎಷ್ಟು ಹೊತ್ತಿಗೆ ಉಣ್ತೀರಿ?"

"ಅವ್ರು ಬಂದ ಮೇಲೆ."

"ಅವರು ತಡವಾದರೆ?"

"ಕಾಯ್ತೆ."

ನನಗೆ ಸಿಟ್ಟು ಬಂತು, ಅವಳ ಮೇಲಲ್ಲ, ಆ ಗಂಡಸಿನ ಮೇಲೆ. ಸಂಜೆಯ ಗುಳಿಗೆ ಇವತ್ತು ನುಂಗಬೇಡಿ, ಡಾಕ್ಟರನ್ನು ಕೇಳದೆ ಮುಟ್ಟಬೇಡಿ, ಸೊಸೆಯನ್ನು ಇವತ್ತೇ ನನ್ನ ಹತ್ತಿರ ಕಳಿಸಿ ಅಂತ ಗಟ್ಟಿಯಾಗಿ ಹೇಳಿದೆ. ಹೊಸ ಗುಳಿಗೆಯನ್ನು ಕೊಡಲಿಲ್ಲ. ಅವಳು ನನ್ನನ್ನೇ ನೋಡುತ್ತಾ ನಿಂತಳು. "ಮನೇಲಿ ಒಂದೆರಡು ಉಳ್ದದೆ" ಅಂತ ಹೇಳಿ ಹೊರಟುಹೋದಳು. ಆ ಮಾತು ನನಗೆ ಸರಿ ಬರಲಿಲ್ಲ. ಡಾಕ್ಟರ ದವಾಖಾನೆಗೆ ಹೋಗಿ ನೋಡಿದರೆ ಅವರು ಯಾವುದೋ ಹೆರಿಗೆ ಅಂತ ಊರ ಹೊರಗೆ ಹೋಗಿದ್ದರು. ಬಂದ ಕೂಡಲೇ ಅಂಗಡಿಗೆ ಹೇಳಿ ಕಳಿಸಿ ಅಂತ ಅಲ್ಲಿದ್ದವರಿಗೆ ಹೇಳಿ ಬಂದೆ.

ಸೊಸೆ ಬಂದಳು. ಆದರೆ ನಾನು ಕರೆಸಿದ್ದಕ್ಕಲ್ಲ. ಬಾಂಗು ಮುಗಿದು, ಪೇಟೆಯ ಅಂಗಡಿಗಳಲ್ಲಿ ಒಂದೊಂದೇ ದೀಪ ಹತ್ತುತ್ತಿದ್ದಾಗ ಓಡುತ್ತಾ ಬಂದು ಕೌಂಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಕ್ಕಾ, ಡಾಕ್ಟ್ರು ಇಲ್ವಂತೆ. ಅತ್ತೆ ಹೊಸ್ಲ ಹತ್ರ ಕೂತು ಯಾರ ಹತ್ರವೋ ಮಾತಾಡ್ತಾ ಇದ್ರು. ಸೀರೆ ಎಲ್ಲ ನೆನೆದು ಚಂಡಿ. ಸಮುದ್ರದಿಂದ ಎದ್ದು ಬಂದ ಹಾಂಗೆ ಇದ್ರು. ಕೇರಿಯವ್ರು ಇದು ದೆವ್ವದ ಸೋಂಕು ಅಂತ ನೂಲು ಕಟ್ಟುವವರನ್ನ ಕರೂಕೆ ಹೋಗಿದ್ರು."

"ನಿನ್ನ ಮಾವ ಎಲ್ಲಿ? ಮನೆಗೆ ಬಂದರಾ ಇಲ್ಲವಾ?"

ಅವಳು ನನ್ನ ಮುಖವನ್ನು ವಿಚಿತ್ರವಾಗಿ ನೋಡಿದಳು. "ಮಾವ ಎಲ್ಲಿ ಬತ್ರು ಅಕ್ಕಾ? ನನ್ನ ಮದ್ವೆಗೆ ಮುಂಚೆ ದೋಣಿ ತಕಂಡು ಹೋದವ್ರು. ದೋಣಿಯ ಹಲಿಗೆ ಸಿಕ್ತು, ಅವ್ರು ಸಿಗ್ಲಿಲ್ಲ."

ಗ್ಲುಕೋಸಿನ ಡಬ್ಬಿ ಕೈಗೆ ತೆಗೆದುಕೊಂಡು ಅಂಗಡಿಯನ್ನು ಗಂಡನಿಗೆ ಬಿಟ್ಟು ನಾನು ಅವಳ ಹಿಂದೆ ಹೊರಟೆ. ದಾರಿಯಲ್ಲಿ ಏದುಸಿರು ಬಿಡುತ್ತಾ ಅವಳು ಉಳಿದದ್ದನ್ನು ಹೇಳಿದಳು. ಹೆಣ ಸಿಗದವರಿಗೆ ಕೂಡಲೇ ಕ್ರಿಯೆ ಮಾಡುವುದಿಲ್ಲ. ವರ್ಷಗಟ್ಟಲೆ ಕಾದು, ಆಮೇಲೆ ದರ್ಭೆಯ ಗೊಂಬೆ ಮಾಡಿ ಸುಡುತ್ತಾರೆ. ಅಲ್ಲಿಯವರೆಗೆ ಹೆಂಡತಿ ಮುತ್ತೈದೆಯೇ. ಕಾಯುವ ವರ್ಷಗಳು ತುಂಬಿದ ಮೇಲೂ ಅತ್ತೆ ಒಪ್ಪಿರಲಿಲ್ಲ. ಮಗ ಮಲ್ಪೆಯ ಬೋಟಿನಲ್ಲಿ ಕೆಲಸಕ್ಕಿದ್ದ. ಅವನು ಬಂದಾಗಲೆಲ್ಲ ಆ ಮಾತು ಎತ್ತಿ ಬೈಸಿಕೊಂಡು ಹೋಗುತ್ತಿದ್ದ. ದಿನಾ ಸಂಜೆ ಆ ಅಮ್ಮ ಗಂಡನಿಗೆ ಬಡಿಸಿ, ಕಾಯುವಷ್ಟು ಕಾದು, ಆಮೇಲೆ ಅದೇ ತಾಟಿನಲ್ಲಿ ಉಂಡು ಮಲಗುತ್ತಿದ್ದಳು. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಗುಳಿಗೆ ಬಂದ ಮೇಲೆ ಆ ಕಾಯುವಿಕೆಯೇ ಅವಳ ಪ್ರಾಣಕ್ಕೆ ಎರವಾಗುತ್ತಿತ್ತು. ಹೊತ್ತಾದರೆ ಈ ಅಮ್ಮ ಮಾತಾಡುತ್ತಾ ಮಾತಾಡುತ್ತಾ ಎಚ್ಚರ ತಪ್ಪುತ್ತಾಳೆ, ಆಮೇಲೆ ಬಾಯಿಗೆ ಏನೂ ಹಾಕಲಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಕೇರಿಯ ಜನ ಅಂಗಳದ ಆಚೆಗೇ ನಿಂತಿದ್ದರು. ಒಬ್ಬರೂ ಒಳಗೆ ಬರಲಿಲ್ಲ. ಒಳಗೆ ಒಂದು ಚಿಮಣಿ ದೀಪ. ಹೊಸ್ತಿಲ ಬಳಿ ತಾಮ್ರದ ತಂಬಿಗೆ ಬರಿದಾಗಿ ಬಿದ್ದಿತ್ತು, ಕಾಲು ತೊಳೆಯುವ ಕಲ್ಲಿನ ಮೇಲೆ ನೀರು ಇನ್ನೂ ಹರಿಯುತ್ತಿತ್ತು. ಒಂದು ತಾಟಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗಡೆಯ ಸಾರು. ಅದರ ಎದುರು ಮಣೆ ಹಾಕಿತ್ತು. ಮಣೆಯ ಪಕ್ಕದಲ್ಲಿ ಅವಳು ಕೂತಿದ್ದಳು. ಕೂದಲು ಹಣೆಗೆ ಅಂಟಿತ್ತು, ಸೀರೆ ಮೈಗೆ ಅಂಟಿತ್ತು. ಮುಖ ಬಿಳಿಚಿಕೊಂಡಿತ್ತು, ಆದರೆ ನಗು ಹಾಗೇ ಇತ್ತು.

"ಬಂದ್ರಾ? ಎಂತಕ್ಕೆ ಅಲ್ಲೇ ನಿಂತ್ರಿ? ಅನ್ನ ಆರ್ತದೆ" ಅಂದಳು.

ನನಗೆ ಹೇಳಿದ್ದು ಅಂದುಕೊಂಡು ಒಂದು ಹೆಜ್ಜೆ ಮುಂದಿಟ್ಟೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ಆಗ ನಾನು ಮಾಡಿದ್ದನ್ನು ಯಾಕೆ ಮಾಡಿದೆ ಅಂತ ಇವತ್ತಿಗೂ ಹೇಳಲಾರೆ. ಹಿಂದಿನಿಂದ ಬರುವವರಿಗೆ ದಾರಿ ಬಿಡುವಂತೆ ಬಾಗಿಲ ಪಕ್ಕಕ್ಕೆ ಸರಿದು ನಿಂತೆ. ಸೊಸೆಯೂ ಸರಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಮ್ಮ ನಡುವೆ ತಣ್ಣಗಿನ ಗಾಳಿ ಬಂತು, ಬಂದರದ ಕಡೆಯ ಸಂಜೆ ಗಾಳಿ. ಚಿಮಣಿಯ ಕುಡಿ ಬಾಗಿ ಮತ್ತೆ ನೆಟ್ಟಗಾಯಿತು. ನಾನು ಹೆದರಿದೆ.

ಅವಳ ಕಣ್ಣು ಮಾತ್ರ ಬಾಗಿಲಿನಿಂದ ಮಣೆಯವರೆಗೆ ನಿಧಾನವಾಗಿ ಚಲಿಸಿ, ಮಣೆಯ ಮೇಲೆ ನಿಂತಿತು.

ಲೋಟದಲ್ಲಿ ಗ್ಲುಕೋಸು ಕಲಸಿ ಅವಳ ತುಟಿಗೆ ಹಿಡಿದೆ. "ಅಮ್ಮ, ಕುಡೀರಿ." ಹಲ್ಲು ಕಚ್ಚಿಕೊಂಡಳು. ತಲೆ ಆಡಿಸಿದಳು. "ಅವ್ರು ಉಣ್ದೆ ನಾ ಬಾಯಿಗೆ ಹಾಕುದಿಲ್ಲ." ಇನ್ನೊಂದು ಸಲ ಹಿಡಿದೆ. ಕೈಯಲ್ಲಿ ತಳ್ಳಿದಳು, ಅರ್ಧ ಚೆಲ್ಲಿತು. ಅವಳ ಮಾತು ತೊದಲತೊಡಗಿತ್ತು. ಸೊಸೆ ಅಳುತ್ತಾ "ಅತ್ತೆ, ಮಾವ ಇಲ್ಲ, ಯಾರೂ ಇಲ್ಲ" ಅಂತ ಅವಳ ಭುಜ ಅಲ್ಲಾಡಿಸಿದಳು. ಅದು ಅವಳ ಕಿವಿಗೆ ಬೀಳಲೇ ಇಲ್ಲ.

ಔಷಧ ಶಾಸ್ತ್ರ ಓದಿದವಳು ನಾನು. ಆ ಹೊತ್ತಿನಲ್ಲಿ ಬೇರೆ ದಾರಿ ಕಾಣಲಿಲ್ಲ. ಖಾಲಿ ಮಣೆಯ ಕಡೆ ತಿರುಗಿ, ಯಜಮಾನರ ಹತ್ತಿರ ಮಾತಾಡುವ ಗೌರವದಿಂದಲೇ, "ನೀವು ಉಂಡಾಯಿತಲ್ಲ. ಇವರಿಗೆ ಉಣ್ಣಲಿಕ್ಕೆ ಹೇಳಿ" ಅಂದೆ. ಆಮೇಲೆ ಅವಳ ಕಡೆ ತಿರುಗಿ, "ಅವರದ್ದು ಊಟ ಆಯಿತು ಅಮ್ಮ. ಉಣ್ಣು ಅಂತಿದ್ದಾರೆ, ಕೇಳಲಿಲ್ಲವಾ?" ಅಂದೆ.

ಅವಳು ಮಣೆಯ ಕಡೆ ತಲೆ ವಾಲಿಸಿದಳು. "ಹೌದಾ?" ಅಂತ ಕೇಳಿದಳು. ಯಾರದ್ದೋ ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ "ಹ್ಞೂಂ" ಅಂತ ಮೆಲ್ಲಗೆ ತಲೆ ಆಡಿಸಿ ಬಾಯಿ ತೆರೆದಳು. ಉಳಿದಿದ್ದ ಗ್ಲುಕೋಸನ್ನು ಗುಟುಕು ಗುಟುಕಾಗಿ ಕುಡಿಸಿದೆ. ಇನ್ನೊಂದು ಲೋಟ ಕಲಸಿ ಅದನ್ನೂ ಕುಡಿಸಿದೆ. ಸೊಸೆ ಆ ತಾಟಿನ ಅನ್ನವನ್ನೇ ಕಲಸಿ ಒಂದೊಂದೇ ತುತ್ತು ಕೊಟ್ಟಳು.

ಸ್ವಲ್ಪ ಹೊತ್ತಿನಲ್ಲಿ ಬೆವರು ನಿಂತಿತು. ಮುಖಕ್ಕೆ ಬಣ್ಣ ಬಂತು. ಕಣ್ಣು ಬಾಗಿಲಿಗೆ ಹೋಯಿತು, ಮಣೆಗೆ ಬಂತು, ಮತ್ತೆ ಬಾಗಿಲಿಗೆ ಹೋಯಿತು. ಕೊನೆಗೆ ನನ್ನ ಮುಖದಲ್ಲಿ ನಿಂತಿತು, ಆಗಷ್ಟೇ ಕಂಡವರಂತೆ. "ನೀ ಎಂತಕ್ಕೆ ಬಂದೆ ಇಲ್ಲಿ?" ಅಂದಳು. ಪ್ರಾಣ ಉಳಿಸಿದ್ದೇನೆ ಅಂತ ನನಗೆ ಒಳಗೊಳಗೇ ಹೆಮ್ಮೆ ಮೂಡುತ್ತಿತ್ತು. ಆ ದನಿ ಕೇಳಿದ ಕೂಡಲೇ ಅದು ಇಳಿಯಿತು. ಮನೆಗೆ ಬಂದ ಕಳ್ಳಿಯನ್ನು ಕೇಳುವ ದನಿ ಅದು.

ಹೊತ್ತು ಕಳೆದ ಮೇಲೆ ಡಾಕ್ಟರು ಬಂದರು. ಆ ಗುಳಿಗೆಯ ಕೆಲಸ ಬೇಗ ಮುಗಿಯುವುದಿಲ್ಲ, ಸಕ್ಕರೆ ಮತ್ತೆ ಇಳಿಯಬಹುದು ಅಂತ ಹೇಳಿ ಅವಳನ್ನು ತಮ್ಮ ದವಾಖಾನೆಯಲ್ಲೇ ಇರಿಸಿಕೊಂಡು, ಮರುದಿನವಿಡೀ ಆಗಾಗ ತಿನ್ನಿಸುತ್ತಾ ನೋಡಿಕೊಂಡರು. ಮನೆಗೆ ಕಳಿಸುವ ಮೊದಲು ನನ್ನನ್ನು ಕರೆಸಿದರು. ಗುಳಿಗೆಯನ್ನು ಅರ್ಧಕ್ಕೆ ಇಳಿಸಿದ್ದರು. ಪೂರ್ತಿ ನಿಲ್ಲಿಸುವಷ್ಟು ಕಾಯಿಲೆ ಸಣ್ಣದಲ್ಲ, ಕಾಲಿನ ಹುಣ್ಣು ಇನ್ನೂ ಮಾಯುತ್ತಿಲ್ಲ ಅಂದರು. "ನಾನು ಚೀಟಿಯಲ್ಲಿ ಬರೆಯುವುದು ಅದೇ ಬಿ.ಡಿ., ಎ.ಸಿ. ಆದರೆ ಇವರಿಗೆ ಮುಂಚೆ ಎಂಬ ಮಾತೇ ಬೇಡ. ಗುಳಿಗೆ ಗಂಟಲಲ್ಲಿರುವಾಗ ತುತ್ತು ಬಾಯಲ್ಲಿರಬೇಕು. ಹೇಗೆ ಹೇಳ್ತೀರೋ ಹೇಳಿ, ನನ್ನ ಮಾತು ಅವರು ಕೇಳುವುದಿಲ್ಲ" ಅಂದರು.

ನನ್ನ ಮಾತನ್ನಾದರೂ ಕೇಳುತ್ತಾಳೆಂಬ ನಂಬಿಕೆ ನನಗೇನಿರಲಿಲ್ಲ. ದವಾಖಾನೆಯ ಬೆಂಚಿನಲ್ಲಿ ಅವಳ ಪಕ್ಕ ಕೂತು ಹೇಳಿದೆ. ಸಂಜೆ ನಿಮಗೆ ಬಡಿಸಿಕೊಳ್ಳಿ. ಎಡಗೈಯಲ್ಲಿ ಗುಳಿಗೆ, ಬಲಗೈಯಲ್ಲಿ ತುತ್ತು. ಗುಳಿಗೆ ನುಂಗಿ ನೀರು ಕುಡಿದ ಕೂಡಲೇ ತುತ್ತು ಬಾಯಿಗೆ. ಯಾರಿಗೂ ಕಾಯಬಾರದು. ಉಣ್ಣುವುದಿಲ್ಲ ಅಂತಾದರೆ ಗುಳಿಗೆಯನ್ನೂ ನುಂಗಬಾರದು.

"ಅವ್ರಿಗಿಂತ ಮುಂಚೆ ಉಣ್ಣುಕೆ ಹೇಳ್ತ್ಯಾ ನೀನು?"

"ಹೌದು ಅಮ್ಮ. ಉಂಡ ಮೇಲೆ ಎಷ್ಟು ಹೊತ್ತು ಬೇಕಾದರೂ ಕಾಯಿರಿ. ಅದಕ್ಕೆ ನನ್ನ ಅಡ್ಡಿಯಿಲ್ಲ."

"ಹೊಟ್ಟೆ ತುಂಬಿದವ್ಳು ಎಂತ ಕಾಯ್ತಾಳೆ? ಅವ್ಳಿಗೆ ನಿದ್ದೆ ಬತ್ತದೆ." ನನ್ನ ಕಡೆ ತಿರುಗಿ ಕೇಳಿದಳು: "ಗುಳಿಗೆಯಿಂದ್ಲೇ ಬಂದದ್ದಾ ಅವ್ರು?"

ಸುಳ್ಳು ಹೇಳಬಹುದಿತ್ತು. ಖಾಲಿ ಮಣೆಯ ಎದುರು ಒಮ್ಮೆ ಹೇಳಿದ್ದೆನಲ್ಲ. ಆದರೆ ಈಗ ಹೇಳಿದರೆ ಅವಳು ಮತ್ತೆ ಹಸಿದು ಕೂರುತ್ತಾಳೆ, ಆ ಹಾದಿಯ ಕೊನೆ ಎಲ್ಲಿಗೆ ಅಂತ ನನಗೆ ಗೊತ್ತಿತ್ತು. "ಹೌದು. ಗುಳಿಗೆ ನುಂಗಿ ಉಣ್ಣದೆ ಇದ್ದದ್ದಕ್ಕೆ ಹಾಗೆ ಕಂಡದ್ದು. ಉಂಡರೆ ಕಾಣುವುದಿಲ್ಲ" ಅಂದೆ. ಬಾಗಿಲಲ್ಲಿ ನಾನೇ ಪಕ್ಕಕ್ಕೆ ಸರಿದು ನಿಂತದ್ದನ್ನು ಅವಳಿಗೆ ಹೇಳಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ.

ಅವಳು ಸೊಸೆಯ ಕೈ ಹಿಡಿದು ಎದ್ದು ಹೋದಳು.

ಆಮೇಲೆ ಬಹಳ ದಿನ ಸೊಸೆಯೇ ಗುಳಿಗೆಗೆ ಬರುತ್ತಿದ್ದಳು. ಅತ್ತೆ ಹೇಳಿದ ಹಾಗೇ ಉಣ್ಣುತ್ತಾರೆ, ಮೈ ಬೆವರಿದ್ದಿಲ್ಲ, ಯಾರ ಹತ್ತಿರವೂ ಮಾತಾಡುವುದಿಲ್ಲ, ಕಾಲಿನ ಹುಣ್ಣೂ ಒಣಗಿತು ಅಂತ ಹೇಳುತ್ತಿದ್ದಳು. ನನಗೆ ಸಮಾಧಾನವಾಯಿತು. ಮತ್ತೆ ಬೇರೆ ಮುದುಕರು, ಬೇರೆ ಚೀಟಿಗಳು. ನಾನು ಅವಳನ್ನು ಹೆಚ್ಚುಕಡಿಮೆ ಮರೆತೆ.

ಮುಂದಿನ ಮಳೆಗಾಲಕ್ಕೆ ಮುಂಚೆ, ಸೆಕೆ ಜೋರಾಗಿದ್ದ ಒಂದು ಮಧ್ಯಾಹ್ನ ಅವಳೇ ಬಂದಳು. ಮೈ ತುಂಬಿಕೊಂಡಿದ್ದಳು, ನಡಿಗೆಯೂ ಗಟ್ಟಿಯಾಗಿತ್ತು. ಚೀಟಿಯನ್ನು ಕೌಂಟರಿನ ಮೇಲಿಟ್ಟು, ನಾನು ಗುಳಿಗೆ ತೆಗೆಯುವುದನ್ನು ನೋಡುತ್ತಾ ನಿಂತಳು.

"ಈಗ ಮೈ ಹೇಗಿದೆ ಅಮ್ಮ?"

"ಮೈಗೆಂತ ಆಗುದು. ಚೆನ್ನಾಗೇ ಅದೆ." ಬೆವರೊರೆಸಿಕೊಂಡಳು. "ಮಗ ಬಂದಿದ್ದ. ದರ್ಭೆ ಗೊಂಬೆ ಮಾಡಿ ಎಲ್ಲಾ ಮುಗಿಸಿ ಹೋದ. ನಾನೇ ಬಾ ಅಂತ ಹೇಳಿ ಕಳಿಸಿದ್ದೆ. ನಮ್ಮನೆಯವ್ರು ತೀರಿಕೊಂಡ್ರಲ್ಲ ತಂಗಿ."

ಮೊನ್ನೆ ಮೊನ್ನೆ ನಡೆದದ್ದನ್ನು ಹೇಳುವ ಹಾಗೆ ಹೇಳಿದಳು. ಕೇರಿಯಲ್ಲಿ ಯಾರಾದರೂ ಸತ್ತರೆ ಪೇಟೆಯಲ್ಲಿ ಒಬ್ಬರಿಗೊಬ್ಬರು ತಿಳಿಸುತ್ತಾರಲ್ಲ, ಹಾಗೆ. ನನ್ನ ಬಾಯಿಂದಲೂ ಅಂಥ ಸುದ್ದಿ ಕೇಳಿದಾಗ ಎಲ್ಲರೂ ಕೇಳುವ ಮಾತೇ ಬಂತು.

"ಅಯ್ಯೋ, ಯಾವಾಗ?"

"ನಾ ಮುಂಚೆ ಉಂಡೆನಲ್ಲ" ಅಂದಳು, "ಅವತ್ತೇ."